ಸಿರಪ್ಪಿನ ಸಕ್ಕರೆಯೂ ಲೆಕ್ಕಕ್ಕೆ ಬರಬೇಕು

ಎರಡು ಸರಿಯಾದ ಔಷಧಿಗಳಿಗೂ ಫಿಟ್ಸ್ ಹತೋಟಿಗೆ ಬಾರದ ಮಕ್ಕಳಿಗೆ ಕೊಬ್ಬು ಹೆಚ್ಚಿಸಿ ಕಾರ್ಬೋಹೈಡ್ರೇಟ್ ತೀರ ಇಳಿಸುವ ಕೀಟೋಜೆನಿಕ್ ಪಥ್ಯ ಶುರು ಮಾಡುವಾಗ ಮೈಸೂರು, ಮಂಡ್ಯ ಕಡೆಯ ಅಮ್ಮಂದಿರು ಮೊದಲು ಕೇಳುವುದು ಮುದ್ದೆಯ ವಿಷಯ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಕೆಳಗಿನ ಲೆಕ್ಕದ ಮಗುವಿಗೆ ಅದು ನಾಲ್ಕು ದಿನದ್ದಕ್ಕಿಂತ ಹೆಚ್ಚು.

13 ಕೆಜಿ ತೂಕದ ಮಗು, ದಿನಕ್ಕೆ 930 ಕ್ಯಾಲರಿ, ಅನುಪಾತ 3:1 ಎಂದುಕೊಳ್ಳಿ. ಒಂದು ಪಾಲು ಅಂದರೆ 3 ಗ್ರಾಂ ಕೊಬ್ಬು (27 ಕ್ಯಾಲರಿ), ಜೊತೆಗೆ 1 ಗ್ರಾಂ ಪ್ರೊಟೀನ್ ಅಥವಾ ಕಾರ್ಬೋಹೈಡ್ರೇಟ್ (4 ಕ್ಯಾಲರಿ). ಒಟ್ಟು 31. 930ನ್ನು 31ರಿಂದ ಭಾಗಿಸಿದರೆ 30 ಪಾಲು. ಹಾಗಾಗಿ ಕೊಬ್ಬು 90 ಗ್ರಾಂ, ಮಿಕ್ಕೆರಡೂ ಸೇರಿ 30. ಬೆಳೆಯುವ ಮಗುವಾದ್ದರಿಂದ ಪ್ರೊಟೀನನ್ನು ಮೊದಲು ಗೊತ್ತುಮಾಡುತ್ತೇವೆ. ಅದಕ್ಕೆ 15 ಗ್ರಾಂ ಇಟ್ಟರೆ ಕಾರ್ಬೋಹೈಡ್ರೇಟಿಗೆ ಉಳಿಯುವುದು 15. ಮೂರು ಊಟಕ್ಕೆ ಹಂಚಿದರೆ ಪ್ರತಿ ಊಟಕ್ಕೂ ಕೊಬ್ಬು 30, ಪ್ರೊಟೀನ್ 5, ಕಾರ್ಬೋಹೈಡ್ರೇಟ್ 5. ಎಲ್ಲವನ್ನೂ ಗ್ರಾಂ ತಕ್ಕಡಿಯಲ್ಲೇ ತೂಗಬೇಕು, ಚಮಚದ ಅಳತೆ ಸಾಲದು. ಪಾತ್ರೆಗೆ ಅಂಟಿದ ತುಪ್ಪವನ್ನೂ ಬಳಿದು ತಿನ್ನಿಸಬೇಕು.

ಇಷ್ಟು ಮಾಡಿಯೂ, ಕೊಬ್ಬು ಉರಿದಾಗ ದೇಹದಲ್ಲಿ ಹುಟ್ಟುವ ಕೀಟೋನ್ ಏರದಿದ್ದರೆ ಅಡುಗೆಮನೆಗಿಂತ ಮೊದಲು ಔಷಧಿಯ ಬಾಟಲಿ ನೋಡಿ. 5 ಮಿಲೀಗೆ 3 ಗ್ರಾಂ ಸಕ್ಕರೆಯಿರುವ ಸಿರಪ್ಪನ್ನು ದಿನಕ್ಕೆ ಮೂರು ಸಲ ಕೊಟ್ಟರೆ 9 ಗ್ರಾಂ ಸೇರಿತು. ಈಗ 90ಕ್ಕೆ ಎದುರಾಗಿ 39. ಕಾಗದದ ಮೇಲೆ 3:1 ಇದ್ದರೂ ಮಗುವಿಗೆ ಸಿಗುತ್ತಿರುವುದು ಸುಮಾರು 2.3:1. ವೈದ್ಯರನ್ನು ಕೇಳಿ ಮಾತ್ರೆಗೆ ಬದಲಾಯಿಸಬೇಕೇ ಹೊರತು ಮನೆಯವರೇ ಔಷಧಿ ನಿಲ್ಲಿಸಬಾರದು.

ಕೀಟೋನ್ ತೋರಿಸುವ ಮೂತ್ರದ ಪಟ್ಟಿಯನ್ನು ದಿನವೂ ಒಂದೇ ಹೊತ್ತಿಗೆ ನೋಡಿ, ಏಕೆಂದರೆ ಬೆಳಿಗ್ಗೆ ಕೀಟೋನ್ ಕಡಿಮೆ, ಸಂಜೆ ಹೆಚ್ಚು. ಮಗು ತುಂಬ ನೀರು ಕುಡಿದಿದ್ದರೆ ಬಣ್ಣ ತಿಳಿಯಾಗಿ ಕಾಣುತ್ತದೆ. ಅನುಮಾನ ಬಂದಾಗ ಬೆರಳಿನ ರಕ್ತದಲ್ಲಿ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನ್ ನೋಡುವುದೇ ಮೇಲು. ಸಾಮಾನ್ಯವಾಗಿ ಲೀಟರಿಗೆ 4 ಮಿಲಿಮೋಲ್ ಆಸುಪಾಸು ಇದ್ದರೆ ಚೆನ್ನ. ಆದರೆ ಫಿಟ್ಸ್ ಕಡಿಮೆಯಾಗಿದ್ದರೆ ಅಂಕಿಯ ಹಿಂದೆ ಓಡಬೇಕಿಲ್ಲ.

ಪಥ್ಯದ ಅಡ್ಡಪರಿಣಾಮಗಳನ್ನು ಮನೆಯವರು ಬರೆದಿಡುವ ಪುಸ್ತಕದಲ್ಲಿ ಬರೀ ‘ವಾಂತಿ’ ಎಂದಿದ್ದರೆ ಏನೂ ತಿಳಿಯುವುದಿಲ್ಲ. ಕೀಟೋನ್ ಅತಿಯಾದರೂ ವಾಂತಿ, ಸಕ್ಕರೆ ಇಳಿದರೂ ವಾಂತಿ, ಜಿಡ್ಡು ಒಗ್ಗದಿದ್ದರೂ ವಾಂತಿ. ಎಷ್ಟು ಹೊತ್ತಿಗೆ, ಊಟವಾಗಿ ಎಷ್ಟು ಹೊತ್ತಾಗಿತ್ತು, ಎಷ್ಟು ಮಿಕ್ಕಿಸಿತ್ತು, ಆಗಿನ ಕೀಟೋನ್ ಮತ್ತು ರಕ್ತದ ಸಕ್ಕರೆ ಎಷ್ಟು, ಜ್ವರವಿತ್ತೇ, ಏನು ಮಾಡಿದಿರಿ, ಎಷ್ಟು ಹೊತ್ತಿಗೆ ಸರಿಹೋಯಿತು: ಇಷ್ಟನ್ನೂ ಬರೆಯಿರಿ. ವಾಂತಿಯ ಜೊತೆ ಏದುಸಿರು, ಕೆಂಪೇರಿದ ಮುಖ, ಮಂಪರು ಕಂಡರೆ ಪುಸ್ತಕ ಆಮೇಲೆ, ಆಸ್ಪತ್ರೆ ಮೊದಲು. ಕೆಂಪು ಮೂತ್ರ, ಮರಳಿನಂಥ ಕಣ ಕಂಡರೆ ಮೂತ್ರಪಿಂಡದ ಕಲ್ಲಿನ ಅನುಮಾನ. ಟೋಪಿರಮೇಟ್ ಎಂಬ ಫಿಟ್ಸ್ ಔಷಧಿ ಸೇವಿಸುವ ಮಗುವಿನಲ್ಲಿ ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು. ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಹೀಗೆ ಬರೆದಿಡಿ: ‘ಕೀಟೋ ಪಥ್ಯದ ಮಗು, ರಕ್ತದ ಸಕ್ಕರೆ ನೋಡದೆ ಗ್ಲೂಕೋಸ್ ಡ್ರಿಪ್ ಹಾಕಬೇಡಿ.’