30 ಮನೆಯ ಗ್ಯಾಲ್ವನೋಮೀಟರ್‌ನಿಂದ ವೋಲ್ಟ್‌ಮೀಟರ್, ಆಮೇಲೆ ಆಮ್ಮೀಟರ್

ಮೊದಲ ಶನಿವಾರ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ ಗ್ಯಾಲ್ವನೋಮೀಟರ್ ಒಂದು ಸಿಕ್ಕಿತು. ಪಿಯುಸಿ ಲ್ಯಾಬಿನಲ್ಲಿ ಇರುತ್ತದಲ್ಲ, ಅಂಥದ್ದೇ. ನಡುವೆ ಸೊನ್ನೆ, ಎರಡೂ ಕಡೆ 30 ಮನೆ. ಮೀಟರನ್ನು ನಿಧಾನವಾಗಿ ಓರೆ ಮಾಡಿದರೆ ಮುಳ್ಳು ಎಲ್ಲೂ ಸಿಕ್ಕಿಕೊಳ್ಳದೆ ಆಡಿ ಮತ್ತೆ ಸೊನ್ನೆಗೇ ಬರುತ್ತದೆ. ಅಂದರೆ ಸ್ಪ್ರಿಂಗು, ಪಿವಟ್ ಎರಡೂ ಚೆನ್ನಾಗಿವೆ. ಇದರಿಂದ 3 ವೋಲ್ಟ್‌ವರೆಗಿನ ವೋಲ್ಟ್‌ಮೀಟರ್ ಮತ್ತು 300 ಮಿಲಿಆಂಪ್‌ವರೆಗಿನ ಆಮ್ಮೀಟರ್ ಮಾಡಬೇಕು ಅಂತ ಆಸೆ. ಈ ಎರಡು ಸಂಖ್ಯೆ ಯಾಕೆ ಅಂದರೆ, ಒಂದು ಮನೆಗೆ 0.1 ವೋಲ್ಟ್ ಅಥವಾ 10 ಮಿಲಿಆಂಪ್ ಬರುತ್ತದೆ. ಸ್ಕೇಲ್ ಮುಟ್ಟುವ ಅಗತ್ಯವೇ ಇಲ್ಲ.

ಅದಕ್ಕೆ ಮೊದಲು ಎರಡು ವಿಷಯ ಗೊತ್ತಾಗಬೇಕು: ಒಳಗಿನ ಸುರುಳಿಯ ರೋಧ ಎಷ್ಟು, ಮುಳ್ಳು ಪೂರ್ತಿ 30ಕ್ಕೆ ಹೋಗಲು ಎಷ್ಟು ಕರೆಂಟ್ ಬೇಕು. ಮಲ್ಟಿಮೀಟರಿನ ಓಮ್ ರೇಂಜಿನಲ್ಲಿಟ್ಟು ಸುಮ್ನೆ ನೋಡಿಬಿಡೋಣ ಅನ್ನಿಸುತ್ತದೆ. ಮಾಡಬೇಡಿ. ಆ ರೇಂಜಿನಲ್ಲಿ ಮಲ್ಟಿಮೀಟರ್ ತಾನೇ ಕರೆಂಟ್ ಹರಿಸುತ್ತದೆ. ಇಂಥ ಸುರುಳಿಗೆ ಅದು ಜಾಸ್ತಿಯಾಗಿ ಮುಳ್ಳು ಹೋಗಿ ತುದಿಗೆ ಬಡಿಯಬಹುದು.

ಅದಕ್ಕೇ ಲ್ಯಾಬಿನ ಅರ್ಧ ಓಟದ ವಿಧಾನ ಹಿಡಿದೆ. ಎರಡು ಹೊಸ ಸೆಲ್ ಸೇರಿ 3.12 ವೋಲ್ಟ್. ಅದರ ಜೊತೆ ಸರಣಿಯಲ್ಲಿ ಒಂದು ದೊಡ್ಡ ರೆಸಿಸ್ಟರ್, ಅಳೆದಾಗ 5090 ಓಮ್. ಮುಳ್ಳು 28ಕ್ಕೆ ಹೋಗಿ ನಿಂತಿತು. ಈಗ ಗ್ಯಾಲ್ವನೋಮೀಟರಿನ ಎರಡು ತುದಿಗೆ ಅಡ್ಡವಾಗಿ ಒಂದು ಪಾಟ್ ಹಾಕಿ, ಮುಳ್ಳು 14ಕ್ಕೆ ಇಳಿಯುವವರೆಗೆ ತಿರುಗಿಸಿದೆ. ಪಾಟ್ ಬಿಚ್ಚಿ ಅಳೆದರೆ 81 ಓಮ್.

ದೊಡ್ಡ ರೆಸಿಸ್ಟರ್ ಇರುವುದರಿಂದ ಒಟ್ಟು ಕರೆಂಟ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರಲ್ಲಿ ಅರ್ಧ ಪಾಟ್ ಕಡೆ ಹೋಯಿತು ಅಂದರೆ ಸುರುಳಿಯ ರೋಧವೂ ಸುಮಾರು ಪಾಟಿನಷ್ಟೇ. ಆ "ಹೆಚ್ಚುಕಡಿಮೆ"ಯನ್ನೂ ಸರಿಮಾಡುವ ಸೂತ್ರ ಇದು:

```
G = R × S / (R − S) = 5090 × 81 / 5009 = 82.3 Ω
```

28 ಮನೆಗೆ ಹರಿದ ಕರೆಂಟ್ 3.12 / (5090 + 82.3), ಅಂದರೆ 603 ಮೈಕ್ರೋಆಂಪ್. ಆ ಲೆಕ್ಕದಲ್ಲಿ ಪೂರ್ತಿ 30 ಮನೆಗೆ 646 ಮೈಕ್ರೋಆಂಪ್. ಈ 82.3 ಮತ್ತು 646 ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಮೀಟರಿನ ಬೆನ್ನಿಗೆ ಅಂಟಿಸಿದೆ.

ಭಾನುವಾರ

ವೋಲ್ಟ್‌ಮೀಟರ್ ಸಲೀಸಾಗಿ ಆಯಿತು. 3 ವೋಲ್ಟ್ ಕೊಟ್ಟಾಗ 646 ಮೈಕ್ರೋಆಂಪ್ ಮಾತ್ರ ಹರಿಯಬೇಕು. ಅಂದರೆ ಒಟ್ಟು ರೋಧ 4642 ಓಮ್ ಇರಬೇಕು. ಸುರುಳಿಯ 82 ಕಳೆದರೆ ಸರಣಿಯಲ್ಲಿ ಹಾಕಬೇಕಾದ್ದು 4560 ಓಮ್. 3.9 ಕಿಲೋಓಮಿನ ರೆಸಿಸ್ಟರ್ ಒಂದು, ಅದರ ಜೊತೆ 1 ಕಿಲೋಓಮಿನ ಪ್ರಿಸೆಟ್ ಹಾಕಿ, ಎರಡೂ ಸೇರಿ 4560 ಬರುವ ಹಾಗೆ ತಿರುಗಿಸಿಟ್ಟೆ. 1.56 ವೋಲ್ಟ್‌ನ ಸೆಲ್ ಹಚ್ಚಿದರೆ ಮುಳ್ಳು 15 ಮತ್ತು 16ರ ಸರಿ ನಡುವೆ ನಿಂತಿತು.

ಎರಡನೇ ಶನಿವಾರ

ಆಮ್ಮೀಟರ್ ಹಾಗಲ್ಲ. ಇಲ್ಲಿ 300 ಮಿಲಿಆಂಪ್ ಬಂದರೆ ಅದರಲ್ಲಿ 0.65 ಮಾತ್ರ ಸುರುಳಿಗೆ, ಉಳಿದದ್ದೆಲ್ಲ ಸುರುಳಿಗೆ ಅಡ್ಡವಾಗಿ ಹಾಕುವ ಶಂಟ್ ಅನ್ನುವ ಚಿಕ್ಕ ರೋಧಕ್ಕೆ.

```
S = Ig × G / (I − Ig) = 0.000646 × 82.3 / 0.29935 = 0.178 Ω
```

ಇಷ್ಟು ಚಿಕ್ಕ ರೋಧ ಅಂದರೆ ಒಂದು ತುಂಡು ತಂತಿ ಅಷ್ಟೆ. ಮನೆಯಲ್ಲಿದ್ದ ಹೀಟರ್ ಕಾಯಿಲಿನ ನೈಕ್ರೋಮ್ ತಂತಿ ನೋಡಿದೆ. ಬೆಸುಗೆ ಹಿಡಿಯಲೇ ಇಲ್ಲ, ಸೀಸ ಮಣಿಯ ಹಾಗೆ ಉರುಳಿ ಬಿತ್ತು. ಲ್ಯಾಬಿನವರು ಯುರೇಕಾ ತಂತಿ ಅನ್ನುವ ಕಾನ್‌ಸ್ಟಂಟನ್ ತಂದೆ. ಅದನ್ನು ಉಜ್ಜಿ ಹೊಳಪು ಮಾಡಿದರೆ ಬೆಸುಗೆ ಚೆನ್ನಾಗಿ ಕೂರುತ್ತದೆ. 22 ಗೇಜಿನ ತಂತಿಗೆ ಮೀಟರಿಗೆ ಸುಮಾರು 1.23 ಓಮ್. ಅಂದರೆ ನನಗೆ ಬೇಕಾದ್ದು ಹದಿನಾಲ್ಕೂವರೆ ಸೆಂಟಿಮೀಟರ್.

ಮಗಳು ನೋಡಿ, "ಇಷ್ಟೇನಾ ಅಪ್ಪ?" ಅಂದಳು. ಇಷ್ಟೇ. ಆದರೆ ಅದನ್ನು ಎಲ್ಲಿ, ಹೇಗೆ ಸೇರಿಸುತ್ತೇವೆ ಅನ್ನುವುದರಲ್ಲೇ ಎಲ್ಲ ಇದೆ.

ಮೊದಲು ಆ ತುಂಡನ್ನು ಎರಡು ಕ್ರೊಕೊಡೈಲ್ ಕ್ಲಿಪ್‌ಗಳಿಂದ ಗ್ಯಾಲ್ವನೋಮೀಟರಿನ ಟರ್ಮಿನಲ್‌ಗೆ ಹಚ್ಚಿದೆ. ಎರಡು ಸೆಲ್, 10 ಓಮ್ ರೆಸಿಸ್ಟರ್, ಚಿಕ್ಕ ರಿಯೋಸ್ಟಾಟ್, ಜೊತೆಗೆ ಮಲ್ಟಿಮೀಟರ್. ಮಲ್ಟಿಮೀಟರಿನಲ್ಲಿ 200 ಮಿಲಿಆಂಪ್ ಬರುವ ಹಾಗೆ ಹೊಂದಿಸಿದೆ. ಮುಳ್ಳು 20ಕ್ಕೆ ನಿಲ್ಲಬೇಕು, ನಿಂತದ್ದು 24ಕ್ಕೆ. ಲೆಕ್ಕ ಮತ್ತೆ ನೋಡಿದೆ, ಸರಿಯಾಗಿದೆ. ಸುಮ್ನೆ ಕ್ಲಿಪ್ಪನ್ನು ಬೆರಳಲ್ಲಿ ಅಲ್ಲಾಡಿಸಿದೆ. ಮುಳ್ಳು 22ಕ್ಕೆ ಬಂತು, ಆಮೇಲೆ 25ಕ್ಕೆ ಹೋಯಿತು. ಮಲ್ಟಿಮೀಟರ್ ಮಾತ್ರ 200ರಲ್ಲೇ ಇತ್ತು.

ತಪ್ಪು ಅಲ್ಲೇ ಸಿಕ್ಕಿತು. 24 ಅಂದರೆ ಶಂಟ್ 20 ಪರ್ಸೆಂಟ್ ಜಾಸ್ತಿ ಇದೆ ಅಂತ ಅರ್ಥ. ಅದು 0.036 ಓಮ್ ಮಾತ್ರ. ಕ್ಲಿಪ್ಪಿನ ಹಲ್ಲು ತಂತಿಯನ್ನು ಕಚ್ಚುವ ಜಾಗದಲ್ಲಿ ಅಷ್ಟು ರೋಧ ಧಾರಾಳವಾಗಿ ಇರುತ್ತದೆ. ಬೇರೆ ಕಡೆ ಅದು ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ಶಂಟೇ 0.178.

ಇನ್ನೂ ಒಂದು ಭಯ ಇತ್ತು. ಕ್ಲಿಪ್ ಪೂರ್ತಿ ಕಳಚಿದ್ದರೆ ಎಲ್ಲ ಕರೆಂಟೂ ಸುರುಳಿಗೇ ನುಗ್ಗುತ್ತಿತ್ತು. 3 ವೋಲ್ಟ್, ಸುಮಾರು 100 ಓಮ್, ಅಂದರೆ 30 ಮಿಲಿಆಂಪ್. ಸುರುಳಿ ತಡೆಯುವ ಪೂರ್ತಿ ಓಟದ ಕರೆಂಟಿಗಿಂತ 40 ಪಟ್ಟಿಗೂ ಜಾಸ್ತಿ.

ಎರಡನೇ ಭಾನುವಾರ

ಎರಡು ತೊಂದರೆಗೂ ಮದ್ದು ಒಂದೇ: ನಾಲ್ಕು ಕಡೆ ಬೆಸುಗೆ. 17 ಸೆಂಟಿಮೀಟರ್ ತಂತಿ ತೆಗೆದುಕೊಂಡು ಅದರ ಎರಡು ಹೊರತುದಿಗೆ ಸರ್ಕ್ಯೂಟಿನ ದಪ್ಪ ತಂತಿ ಬೆಸೆದೆ. ಗ್ಯಾಲ್ವನೋಮೀಟರಿನ ತೆಳು ತಂತಿಗಳಲ್ಲಿ ಒಂದನ್ನು ಒಂದು ತುದಿಯಿಂದ ಒಂದು ಸೆಂಟಿಮೀಟರ್ ಒಳಗೆ ಬೆಸೆದೆ. ಇನ್ನೊಂದನ್ನು ಬೆಸೆಯದೆ ಯುರೇಕಾ ತಂತಿಯ ಮೇಲೆ ಒತ್ತಿ ಹಿಡಿದು, ಮೆಲ್ಲಗೆ ಜಾರಿಸುತ್ತಾ ಹೋದೆ. ಮಲ್ಟಿಮೀಟರ್ 200 ತೋರಿಸುವಾಗ ಮುಳ್ಳು ಸರಿಯಾಗಿ 20ಕ್ಕೆ ಬಂದ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಅಲ್ಲೇ ಬೆಸುಗೆ ಹಾಕಿದೆ. ಎರಡು ಬೆಸುಗೆಯ ನಡುವಿನ ಅಂತರ ಅಳೆದರೆ 14.2 ಸೆಂಟಿಮೀಟರ್.

ಈ ಜೋಡಣೆ ನನಗೆ ತುಂಬಾ ಹಿಡಿಸಿತು. ಹೊರತುದಿಯ ಬೆಸುಗೆಯಲ್ಲಿ ಎಷ್ಟೇ ರೋಧ ಇರಲಿ, ಅದು ಮುಳ್ಳಿಗೆ ಕಾಣುವುದೇ ಇಲ್ಲ. ಒಳಗಿನ ಬೆಸುಗೆಯ ರೋಧ 82 ಓಮಿನ ಸುರುಳಿಯ ಜೊತೆ ಸೇರುವುದರಿಂದ ಲೆಕ್ಕಕ್ಕಿಲ್ಲ. ಹೊರಗಿನ ತಂತಿ ಕಳಚಿದರೆ ಸರ್ಕ್ಯೂಟೇ ನಿಲ್ಲುತ್ತದೆ. ಒಳಗಿನದು ಕಳಚಿದರೆ ಮುಳ್ಳು ಸೊನ್ನೆಗೆ ಬರುತ್ತದೆ. ಎರಡರಲ್ಲೂ ಸುರುಳಿ ಉಳಿಯುತ್ತದೆ.

ಮೂರನೇ ಶನಿವಾರ

ತಾರಸಿಯ ಮೇಲಿನ ಶೀಟ್ ಕೋಣೆಯಲ್ಲಿ ಕೆಲಸ ಮಾಡುತ್ತೇನೆ. ಬೆಳಗ್ಗೆ 22 ಡಿಗ್ರಿ ಇದ್ದಾಗ ಮುಳ್ಳು 20. ಮಧ್ಯಾಹ್ನ 34 ಡಿಗ್ರಿ ಇದ್ದಾಗ, ಅದೇ 200 ಮಿಲಿಆಂಪಿಗೆ, 19.

ಸುರುಳಿ ತಾಮ್ರದ್ದು. ಒಂದು ಡಿಗ್ರಿಗೆ ಅದರ ರೋಧ ಸುಮಾರು 0.4 ಪರ್ಸೆಂಟ್ ಏರುತ್ತದೆ. 12 ಡಿಗ್ರಿಗೆ ಹತ್ತಿರ ಹತ್ತಿರ 5 ಪರ್ಸೆಂಟ್. ಯುರೇಕಾ ತಂತಿ ಬದಲಾಗುವುದಿಲ್ಲ ಅನ್ನಬಹುದು. ಹಾಗಾಗಿ ಬಿಸಿಯಾದಾಗ ಸುರುಳಿಯ ಪಾಲು ಕಡಿಮೆಯಾಗುತ್ತದೆ. ವೋಲ್ಟ್‌ಮೀಟರಿನಲ್ಲಿ ಇದು ಗೊತ್ತೇ ಆಗಿರಲಿಲ್ಲ. ಯಾಕಂದರೆ ಅಲ್ಲಿ ಒಟ್ಟು 4642 ಓಮಿನಲ್ಲಿ ತಾಮ್ರದ್ದು 82 ಮಾತ್ರ.

ಅದೇ ದಾರಿ ಇಲ್ಲೂ ಹಿಡಿದೆ. ಸುರುಳಿಯ ಜೊತೆ ಸರಣಿಯಲ್ಲಿ 100 ಓಮಿನ ಮೆಟಲ್ ಫಿಲ್ಮ್ ರೆಸಿಸ್ಟರ್ ಸೇರಿಸಿದರೆ ಆ ಕವಲಿನ ರೋಧ 182. ತಾಮ್ರದ ಪಾಲು ಅರ್ಧಕ್ಕಿಂತ ಕಡಿಮೆ. ಶಂಟ್ ಈಗ 0.39 ಓಮ್ ಬೇಕು, ತಂತಿ ಸುಮಾರು 32 ಸೆಂಟಿಮೀಟರ್. ಇದಕ್ಕೆ ಬೆಲೆಯೂ ಇದೆ: ಪೂರ್ತಿ ಕರೆಂಟಿನಲ್ಲಿ ಆಮ್ಮೀಟರ್ ತಿನ್ನುವ ವೋಲ್ಟೇಜ್ 53 ಮಿಲಿವೋಲ್ಟ್‌ನಿಂದ 118ಕ್ಕೆ ಏರುತ್ತದೆ. ನನ್ನ 3 ವೋಲ್ಟ್ ಸರ್ಕ್ಯೂಟಿಗೆ ಇಷ್ಟು ಒಪ್ಪಬಹುದು. 330 ಓಮ್ ಹಾಕಿದ್ದರೆ 0.27 ವೋಲ್ಟ್ ಹೋಗುತ್ತಿತ್ತು, ಅದು ಜಾಸ್ತಿಯಾಯಿತು ಅನ್ನಿಸಿ ಬಿಟ್ಟೆ.

ಭಾನುವಾರ 35 ಸೆಂಟಿಮೀಟರ್ ತಂತಿ ಕತ್ತರಿಸಿ, ಹಳೆಯ ಹಾಗೆಯೇ ಜಾರಿಸಿ ಜಾಗ ಹಿಡಿದು ಬೆಸೆದೆ. ಬೆಳಗ್ಗೆ 20. ಮಧ್ಯಾಹ್ನ 34 ಡಿಗ್ರಿಯಲ್ಲಿ, 19.5ರಿಂದ ಕೂದಲೆಳೆಯಷ್ಟು ಮೇಲೆ.