ನಾಲ್ಕು ಕೋರ್ ಇದ್ದರೂ ದುಡಿದಿದ್ದು ಎರಡೇ: ಮನೆಯ ಫ್ಯಾಟ್ ಟ್ರೀ, ಮೂರನೇ ವಾರ

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಂದು ಹಳೇ ಪಿಸಿ ಇದೆ. ಈಗ ಅದರೊಳಗೆ 20 ಸ್ವಿಚ್, 16 ಸರ್ವರ್ ಓಡುತ್ತಿವೆ. ಎಲ್ಲವೂ ಲಿನಕ್ಸ್ ನೇಮ್‌ಸ್ಪೇಸ್‌ಗಳು, ಅಂದರೆ ಒಂದೇ ಯಂತ್ರದೊಳಗೆ ಬೇರೆ ಬೇರೆ ಯಂತ್ರಗಳ ಹಾಗೆ ನಡೆಯುವ ನೆಟ್‌ವರ್ಕ್ ಕೋಣೆಗಳು. ಅವನ್ನು ಕೂಡಿಸುವ 48 ಲಿಂಕ್‌ಗಳೂ ಸಾಫ್ಟ್‌ವೇರ್‌ನವೇ. ಎರಡು ವಾರ ಇದನ್ನು ಕಟ್ಟುವುದರಲ್ಲೇ ಹೋಯಿತು. ಈ ವಾರ ಟ್ರಾಫಿಕ್ ಹರಿಸಿ ನೋಡಿದೆ.

ಹೊಸದಾಗಿ ಓದುವವರಿಗೆ ಇದರ ಆಕಾರ ಹೇಳಿಬಿಡುತ್ತೇನೆ. ನಾಲ್ಕು ಪೋರ್ಟಿನ ಸ್ವಿಚ್‌ಗಳನ್ನಷ್ಟೇ ಬಳಸಿದ್ದೇನೆ. ಒಟ್ಟು ನಾಲ್ಕು ಪಾಡ್, ಅಂದರೆ ಗುಂಪು. ಪ್ರತಿ ಪಾಡ್‌ನಲ್ಲಿ ಕೆಳಗೆ ಎರಡು ಎಡ್ಜ್ ಸ್ವಿಚ್, ಮೇಲೆ ಎರಡು ಅಗ್ರಿಗೇಶನ್ ಸ್ವಿಚ್. ಪ್ರತಿ ಎಡ್ಜ್‌ಗೆ ಕೆಳಗೆ ಎರಡು ಸರ್ವರ್, ಮೇಲೆ ಆ ಪಾಡ್‌ನ ಎರಡೂ ಅಗ್ರಿಗೇಶನ್. ಎಲ್ಲಕ್ಕಿಂತ ಮೇಲೆ ನಾಲ್ಕು ಕೋರ್, `c1`ರಿಂದ `c4`. ಪ್ರತಿ ಪಾಡ್‌ನ ಮೊದಲ ಅಗ್ರಿಗೇಶನ್ `c1`, `c2`ಗೆ ಹೋಗುತ್ತದೆ, ಎರಡನೆಯದು `c3`, `c4`ಗೆ. ಅಷ್ಟೇ.

ಮಾಮೂಲಿ ಮರದಾಕಾರದ ನೆಟ್‌ವರ್ಕ್ ಅಂದರೆ ನಮ್ಮ ಚೆನ್ನಮ್ಮ ಸರ್ಕಲ್ ಇದ್ದ ಹಾಗೆ. ಯಾರು ಎಲ್ಲಿಗೆ ಹೋಗಬೇಕಾದರೂ ಅಲ್ಲೇ ಹಾಯಬೇಕು. 1985ರಲ್ಲಿ ಚಾರ್ಲ್ಸ್ ಲೈಸರ್‌ಸನ್ ಅವರು ಸೂಪರ್‌ಕಂಪ್ಯೂಟರ್‌ಗಳಿಗಾಗಿ ಫ್ಯಾಟ್ ಟ್ರೀ ಸೂಚಿಸಿದಾಗ ಕೊಟ್ಟ ಉಪಾಯ, ಬುಡದ ಕಡೆಗೆ ಹೋದಂತೆ ಕೊಂಬೆ ದಪ್ಪವಾಗಲಿ ಎಂಬುದು. 2008ರಲ್ಲಿ ಸ್ಯಾನ್ ಡಿಯೇಗೊದ ಅಲ್-ಫಾರೆಸ್, ಲೂಕಿಸಸ್, ವಾಹ್ದತ್ ಇದನ್ನೇ ಡೇಟಾ ಸೆಂಟರ್‌ಗೆ ತಂದರು. ಅವರ ವಿನ್ಯಾಸದಲ್ಲಿ ಒಂದು ದಪ್ಪ ಕೊಂಬೆಯ ಬದಲು ಒಂದೇ ಅಳತೆಯ ಸಣ್ಣ ಕೊಂಬೆಗಳು ಬಹಳ ಇರುತ್ತವೆ. ಎಲ್ಲಾ ಸ್ವಿಚ್ ಒಂದೇ ಥರದವು, ಅಗ್ಗದವು. ನಾನು ಕಟ್ಟಿದ್ದು ಅದೇ.

ಇದನ್ನು ಮೊದಲು ಒಂದು ಹಳೇ ಕ್ಯಾಲೆಂಡರಿನ ಹಿಂದೆ ಬರೆದಿದ್ದೆ. ಪಾಡ್ 0ರ `h1`ರಿಂದ ಪಾಡ್ 3ರ `h13`ಕ್ಕೆ ಇರುವ ದಾರಿಗಳಿಗೆ ಮಗಳು ಸ್ಕೆಚ್ ಪೆನ್ನಿನಿಂದ ಬಣ್ಣ ಹಾಕುತ್ತಿದ್ದಳು. ನಾಲ್ಕನೇ ಬಣ್ಣ ಮುಗಿಸಿ ಕೇಳಿದಳು: "ಅಪ್ಪಾ, ಹತ್ತಾಕ ನಾಕ್ ದಾರಿ ಅದಾವ, ಇಳಿಯಾಕ ಒಂದ ಐತಲ್ಲ?"

ಇಡೀ ಫ್ಯಾಟ್ ಟ್ರೀಯ ಗುಟ್ಟು ಆ ಪ್ರಶ್ನೆಯಲ್ಲೇ ಇದೆ. ಎಡ್ಜ್‌ನಲ್ಲಿ ಮೇಲೆ ಹೋಗಲು ಎರಡು ಆಯ್ಕೆ. ಅಗ್ರಿಗೇಶನ್‌ನಲ್ಲಿ ಮತ್ತೆ ಎರಡು. ಎರಡೆರಡಲೆ ನಾಲ್ಕು ಕೋರ್. ಆದರೆ ಕೋರ್ ಮುಟ್ಟಿದ ಮೇಲೆ ಆಯ್ಕೆ ಮುಗಿಯಿತು. ಏಕೆಂದರೆ ಒಂದು ಕೋರ್‌ನಿಂದ ಒಂದು ಪಾಡ್‌ಗೆ ಇರುವುದು ಒಂದೇ ಲಿಂಕ್. ಹಾಗಾಗಿ ಯಾವ ಕೋರ್ ಅಂತ ಗೊತ್ತಾದರೆ ಇಡೀ ದಾರಿ ಗೊತ್ತಾದಂತೆ. ಬೇರೆ ಪಾಡ್‌ಗೆ ಎಷ್ಟು ದಾರಿ ಅಂದರೆ ಎಷ್ಟು ಕೋರ್ ಇವೆಯೋ ಅಷ್ಟು. ಯಾವ ಕೋರ್ ಆರಿಸಿದರೂ ಮೂರು ಲಿಂಕ್ ಹತ್ತಬೇಕು, ಮೂರು ಲಿಂಕ್ ಇಳಿಯಬೇಕು. ಎಲ್ಲಾ ಲಿಂಕ್‌ಗೂ ಒಂದೇ ಬೆಲೆ ಇಟ್ಟರೆ ನಾಲ್ಕೂ ದಾರಿಯ ಲೆಕ್ಕ ಸಮ. ಇದರಲ್ಲಿ ಅಡ್ಡದಾರಿಯೂ ಇಲ್ಲ, ಸುತ್ತುದಾರಿಯೂ ಇಲ್ಲ. 48 ಪೋರ್ಟಿನ ಸ್ವಿಚ್ ತಗೊಂಡರೆ ಇದೇ ಲೆಕ್ಕದಲ್ಲಿ 24 × 24, ಅಂದರೆ 576 ದಾರಿ, 27,648 ಸರ್ವರ್.

ಕಾಗದದ ಮೇಲೆ ಇಷ್ಟು ಚೆಂದ. ಶನಿವಾರ ರಾತ್ರಿ ಪ್ರತಿ ಲಿಂಕ್‌ಗೂ `tc`ಯಿಂದ 100 Mbit ಮಿತಿ ಹಾಕಿದೆ. `h1`ರಿಂದ `h13`ಕ್ಕೆ ವೇಗ ಅಳೆಯುವ `iperf3`ನಲ್ಲಿ 16 ಸ್ಟ್ರೀಮ್ ಬಿಟ್ಟು, ಕೋರ್‌ಗಳ ಕೌಂಟರ್ ನೋಡಿದೆ. ಹದಿನಾರೂ `c1` ಮೇಲೆಯೇ ಹೋಗುತ್ತಿದ್ದವು. ಇದರ ಕಾರಣ ಬೇಗ ಸಿಕ್ಕಿತು. ಲಿನಕ್ಸ್ ತಾನಾಗಿ ಕಳಿಸುವವರ, ಪಡೆಯುವವರ ಐಪಿ ವಿಳಾಸಗಳನ್ನಷ್ಟೇ ಹ್ಯಾಶ್ ಮಾಡಿ, ಅಂದರೆ ಕಲಸಿ ಒಂದು ಸಂಖ್ಯೆ ಮಾಡಿ, ಅದರಿಂದ ದಾರಿ ಆರಿಸುತ್ತದೆ. ವಿಳಾಸ ಒಂದೇ ಆದರೆ ದಾರಿಯೂ ಒಂದೇ. ಪ್ರತಿ ಸ್ಟ್ರೀಮ್‌ಗೂ ಬೇರೆಯಿರುವ ಟಿಸಿಪಿ ಪೋರ್ಟ್ ನಂಬರನ್ನೂ ಲೆಕ್ಕಕ್ಕೆ ತಗೋ ಅಂತ ಪ್ರತಿ ಸ್ವಿಚ್‌ಗೂ ಹೇಳಬೇಕು:

```
ip netns exec p0e1 sysctl -w net.ipv4.fib_multipath_hash_policy=1
```

ಆಮೇಲೆ ಪರೀಕ್ಷೆಯನ್ನೂ ದೊಡ್ಡದು ಮಾಡಿದೆ. ಒಂದೇ ಸರ್ವರ್‌ನಿಂದ ಕಳಿಸಿದರೆ ಅದರ ಸ್ವಂತ 100 Mbit ಲಿಂಕೇ ತುಂಬಿಬಿಡುತ್ತದೆ, ಮೇಲಿನ ದಾರಿಗಳ ಲಾಭ ಕಾಣುವುದಿಲ್ಲ. ಅದಕ್ಕೆ ಪಾಡ್ 0ರ ನಾಲ್ಕೂ ಸರ್ವರ್ ಪಾಡ್ 3ರ ನಾಲ್ಕಕ್ಕೆ ಒಟ್ಟಿಗೆ ಕಳಿಸುವ ಹಾಗೆ ಮಾಡಿದೆ, ತಲಾ 16 ಸ್ಟ್ರೀಮ್. ಲೆಕ್ಕದ ಪ್ರಕಾರ ಒಟ್ಟು 400 Mbitನ ಹತ್ತಿರ ಬರಬೇಕು. ಬಂದಿದ್ದು 190ರ ಆಸುಪಾಸು. ಎಷ್ಟು ಸಲ ಓಡಿಸಿದರೂ ಅಷ್ಟೇ.

`ip -n c2 -s link` ಹೊಡೆದೆ. `c2`ನಲ್ಲಿ ಬೈಟ್ ಎಣಿಕೆ ಅಲುಗಾಡಿರಲಿಲ್ಲ. `c3` ಕೂಡ ಹಾಗೇ. `c1`, `c4` ಮಾತ್ರ ತುಂಬಿ ಹರಿಯುತ್ತಿದ್ದವು. ರೂಟ್ ಟೇಬಲ್‌ನಲ್ಲಿ ಎಲ್ಲಾ ಎಡ್ಜ್, ಅಗ್ರಿಗೇಶನ್‌ಗಳಿಗೂ ಮೇಲೆ ಹೋಗಲು ಎರಡೆರಡು `nexthop` ಸರಿಯಾಗಿಯೇ ಇದ್ದವು. ಇದರಲ್ಲೇ ಎರಡು ರಾತ್ರಿ ಹೋಯಿತು.

ಉತ್ತರ ಹೊಳೆದದ್ದು ಒಂದು ಸ್ಟ್ರೀಮಿನ ಹಿಂದೆ ನಾನೇ ನಡೆದಾಗ. ಎಡ್ಜ್ ಸ್ವಿಚ್ ಹ್ಯಾಶ್ ಮಾಡುತ್ತದೆ. ಸಂಖ್ಯೆ ಕೆಳಗಿನ ಅರ್ಧದಲ್ಲಿ ಬಿದ್ದರೆ ಮೊದಲ ದಾರಿ, ಮೇಲಿನ ಅರ್ಧದಲ್ಲಿ ಬಿದ್ದರೆ ಎರಡನೇ ದಾರಿ. ಹಾಗಾದರೆ ಮೊದಲ ಅಗ್ರಿಗೇಶನ್‌ಗೆ ಬರುವುದು ಕೆಳಗಿನ ಅರ್ಧದವು ಮಾತ್ರ, ಅಲ್ವಾ? ಈಗ ಅದೂ ಹ್ಯಾಶ್ ಮಾಡುತ್ತದೆ. ಆದರೆ ನನ್ನ ಎಲ್ಲಾ ಸ್ವಿಚ್‌ಗಳೂ ಒಂದೇ ಕರ್ನಲ್‌ನ ಒಳಗಿವೆ, ಹ್ಯಾಶ್‌ನ ಗುಪ್ತ ಕೀ ಎಲ್ಲರಿಗೂ ಒಂದೇ. ಅದೇ ಸ್ಟ್ರೀಮ್, ಅದೇ ಕೀ, ಅದೇ ಉತ್ತರ: ಮತ್ತೆ ಕೆಳಗಿನ ಅರ್ಧ. ಹಾಗಾಗಿ ಎಲ್ಲವೂ ಮೊದಲ ದಾರಿಗೇ, ಅಂದರೆ `c1`ಗೇ. ಎರಡನೇ ಅಗ್ರಿಗೇಶನ್‌ನಲ್ಲಿ ಎಲ್ಲವೂ ಎರಡನೇ ದಾರಿಗೇ, `c4`ಗೇ. `c2`, `c3` ತಲುಪಬೇಕಾದರೆ ಎರಡು ಹಂತದಲ್ಲಿ ಬೇರೆ ಬೇರೆ ಉತ್ತರ ಬರಬೇಕು. ಅದು ಇಲ್ಲಿ ಆಗುವ ಮಾತೇ ಅಲ್ಲ. ಎರಡು ಕೋರ್‌ಗೆ 200, ಅದರಲ್ಲಿ ಹೆಡರ್ ಕಳೆದರೆ 190. ಲೆಕ್ಕ ಕೂಡಿತು.

ಇದಕ್ಕೆ ನೆಟ್‌ವರ್ಕ್ ಎಂಜಿನಿಯರ್‌ಗಳು ಹ್ಯಾಶ್ ಪೋಲರೈಸೇಶನ್ ಅನ್ನುತ್ತಾರೆ. ನಿಜವಾದ ಡೇಟಾ ಸೆಂಟರ್‌ನಲ್ಲೂ ಒಂದೇ ಮಾದರಿಯ ಸ್ವಿಚ್‌ಗಳಿಗೆ ಒಂದೇ ಸೀಡ್, ಅಂದರೆ ಹ್ಯಾಶ್‌ನ ಕೀ, ಇದ್ದರೆ ಹೀಗೆಯೇ ಆಗುತ್ತದೆ. ಎಲ್ಲಾ ಲಿಂಕ್ ಅಪ್ ಇರುತ್ತವೆ, ಯಾವ ಅಲಾರಮ್ಮೂ ಬರುವುದಿಲ್ಲ. ಕೋರ್‌ಗಳ ಕೌಂಟರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಲಿನಕ್ಸ್ 6.11ರಿಂದ ಪ್ರತಿ ನೇಮ್‌ಸ್ಪೇಸ್‌ಗೂ ಬೇರೆ ಸೀಡ್ ಕೊಡಬಹುದು. ಕರ್ನಲ್ ಬದಲಿಸಿ ಎಂಟೂ ಅಗ್ರಿಗೇಶನ್‌ಗಳಿಗೆ ಇದನ್ನು ಹಾಕಿದೆ:

```
ip netns exec p0a1 sysctl -w net.ipv4.fib_multipath_hash_seed=7001
```

ಎಡ್ಜ್‌ಗಳನ್ನು ಮುಟ್ಟಲಿಲ್ಲ. ಎರಡು ಹಂತಗಳ ಸೀಡ್ ಬೇರೆಯಾದರೆ ಸಾಕು. ಮತ್ತೆ ಓಡಿಸಿದಾಗ ನಾಲ್ಕೂ ಕೋರ್ ಎಣಿಕೆ ಏರತೊಡಗಿತು, ಒಟ್ಟು 350ರ ಆಸುಪಾಸು ಬಂತು. ಆ ಕ್ಷಣಕ್ಕೆ ನನಗಾದ ಖುಷಿ ಇಷ್ಟಿಷ್ಟಲ್ಲ, ಮಗಳನ್ನು ಕರೆದು ತೋರಿಸಿದೆ.

ಹೆಡರ್ ಕಳೆದು ಪೂರ್ತಿ 380 ಏಕೆ ಬರಲಿಲ್ಲ ಅಂದರೆ, ಹ್ಯಾಶ್‌ಗೆ ಯಾವ ದಾರಿ ತುಂಬಿದೆ ಅನ್ನುವುದು ಕಾಣುವುದಿಲ್ಲ. 64 ಸ್ಟ್ರೀಮ್ ನಾಲ್ಕು ಕೋರ್‌ಗೆ ಸರಿಯಾಗಿ ಹದಿನಾರು ಹದಿನಾರು ಬೀಳುವುದು ಅಪರೂಪ. ಒಂದರಲ್ಲಿ ಜಾಸ್ತಿ, ಒಂದರಲ್ಲಿ ಕಡಿಮೆ ಆಗುತ್ತದೆ. ಸ್ಟ್ರೀಮ್ ಒಂದೇ ಇದ್ದು ಅದು ದೊಡ್ಡದಾದರೆ ಅದು ಕೊನೆವರೆಗೂ ಒಂದೇ ದಾರಿ ಹಿಡಿಯುತ್ತದೆ. ಪ್ಯಾಕೆಟ್‌ಗಳು ಹಿಂದೆಮುಂದೆ ತಲುಪಿದರೆ ಟಿಸಿಪಿ ಎಡವುತ್ತದೆ, ಅದಕ್ಕೇ ಒಂದು ಸ್ಟ್ರೀಮನ್ನು ಹಂಚುವುದಿಲ್ಲ.

ನಿನ್ನೆ ಒಂದು ಲಿಂಕ್ ಕೆಡವಿಯೂ ನೋಡಿದೆ: `c1`ರಿಂದ ಪಾಡ್ 3ಕ್ಕೆ ಇಳಿಯುವುದು. ಸುಮಾರು ಕಾಲು ಭಾಗ ಸ್ಟ್ರೀಮ್‌ಗಳು ನಿಂತುಹೋದವು, ಉಳಿದವು ಆರಾಮಾಗಿ ಓಡಿದವು. ಇಳಿಯಲು ಒಂದೇ ದಾರಿ ಅನ್ನುವುದರ ಇನ್ನೊಂದು ಮುಖ ಇದು. ಪಾಡ್ 0ರ ಅಗ್ರಿಗೇಶನ್‌ಗೆ ತನ್ನ ಲಿಂಕ್ ಸರಿಯಾಗಿಯೇ ಕಾಣುತ್ತದೆ, ಅದು `c1`ಗೆ ಕಳಿಸುತ್ತಲೇ ಇರುತ್ತದೆ. ನಾನು ಕೈಯಿಂದ ಬರೆದ ಸ್ಟ್ಯಾಟಿಕ್ ರೂಟ್‌ಗಳಿಗೆ ಆ ಸುದ್ದಿ ಹಿಂದಕ್ಕೆ ಮುಟ್ಟಿಸುವ ಶಕ್ತಿ ಇಲ್ಲ. ಮುಂದಿನ ವಾರ ಇಪ್ಪತ್ತೂ ಸ್ವಿಚ್‌ಗೆ ಎಫ್‌ಆರ್‌ಆರ್ ಎಂಬ ರೂಟಿಂಗ್ ಸಾಫ್ಟ್‌ವೇರ್ ಹಾಕಿ, ಸ್ವಿಚ್‌ಗಳು ದಾರಿಯ ಸುದ್ದಿಯನ್ನು ಒಂದಕ್ಕೊಂದು ಹೇಳಿಕೊಳ್ಳುವ ಬಿಜಿಪಿ ಓಡಿಸುತ್ತೇನೆ. ಅದೇ ಲಿಂಕ್ ಮತ್ತೆ ಕೆಡವಿ, ನಿಂತ ಸ್ಟ್ರೀಮ್‌ಗಳು ಎಷ್ಟು ಸೆಕೆಂಡಿಗೆ ಎದ್ದೇಳುತ್ತವೆ ಅಂತ ಅಳೆಯಬೇಕು.