ಕೋಷ್ಟಕ ಸರಿಯಿತ್ತು, ಹಿಂದಿರುಗುವ ದಾರಿ ತಪ್ಪಿತ್ತು

ಮೊದಲ ವಾರ

ಒಂದೇ ಬರಹದ ಎರಡು ಆವೃತ್ತಿಗಳನ್ನು ಹೋಲಿಸಿ, ಯಾವ ಸಾಲು ಉಳಿದಿದೆ, ಯಾವುದು ಹೋಗಿದೆ, ಯಾವುದು ಹೊಸದಾಗಿ ಸೇರಿದೆ ಎಂದು ತೋರಿಸುವ ಚಿಕ್ಕ ಪ್ರೋಗ್ರಾಮೊಂದನ್ನು ಬಿಡುವಿನ ವೇಳೆಯಲ್ಲಿ ಬರೆಯುತ್ತಿದ್ದೇನೆ. ಅದರ ತಿರುಳು ಎರಡು ಸ್ಟ್ರಿಂಗ್‌ಗಳ ಅತಿ ಉದ್ದದ ಸಾಮಾನ್ಯ ಉಪಸರಣಿಯನ್ನು ಕಂಡುಹಿಡಿಯುವುದು. ಉಪಸರಣಿಯ ಅಕ್ಷರಗಳು ಒತ್ತೊತ್ತಾಗಿ ಇರಬೇಕಾಗಿಲ್ಲ; ಎರಡೂ ಸ್ಟ್ರಿಂಗ್‌ಗಳಲ್ಲಿ ಒಂದೇ ಕ್ರಮದಲ್ಲಿ ಬಂದರೆ ಸಾಕು. ಸಾಲುಗಳನ್ನು ಹೋಲಿಸುವಾಗ ಒಂದೊಂದು ಸಾಲನ್ನೂ ಒಂದೊಂದು ಅಕ್ಷರವೆಂದು ಭಾವಿಸಿದರಾಯಿತು, ಲೆಕ್ಕ ಬದಲಾಗುವುದಿಲ್ಲ.

ಪರೀಕ್ಷೆಗಾಗಿ `X = CABDA`, `Y = ACDBA` ಎಂಬ ಜೋಡಿಯನ್ನು ಆರಿಸಿಕೊಂಡೆ. ಕೋಷ್ಟಕದ `L[i][j]` ಎಂಬ ಮನೆಯಲ್ಲಿ `X`ನ ಮೊದಲ `i` ಅಕ್ಷರಗಳಿಗೂ `Y`ಯ ಮೊದಲ `j` ಅಕ್ಷರಗಳಿಗೂ ಸಿಗುವ ಉತ್ತರದ ಉದ್ದ ಇರುತ್ತದೆ. ಕೊನೆಯ ಎರಡು ಅಕ್ಷರಗಳು ಒಂದೇ ಆಗಿದ್ದರೆ ಓರೆಯಲ್ಲಿರುವ, ಅಂದರೆ ಮೇಲಿನ ಎಡಮೂಲೆಯ ಮನೆಗೆ 1 ಕೂಡಿಸಬೇಕು. ಬೇರೆಯಾಗಿದ್ದರೆ ಮೇಲಿನ ಮನೆ ಮತ್ತು ಎಡಮನೆಗಳಲ್ಲಿ ದೊಡ್ಡದನ್ನು ತೆಗೆದುಕೊಳ್ಳಬೇಕು. ಮೊದಲ ಅಡ್ಡಸಾಲು ಮತ್ತು ಮೊದಲ ಕಂಬಸಾಲು ಖಾಲಿ ಸ್ಟ್ರಿಂಗ್‌ಗೆ ಸೇರಿದವಾದ್ದರಿಂದ ಅಲ್ಲೆಲ್ಲ ಸೊನ್ನೆ. ಕೈಯಲ್ಲಿ ತುಂಬಿದ್ದೂ ಪ್ರೋಗ್ರಾಂ ಕೊಟ್ಟದ್ದೂ ಒಂದೇ ಆಗಿದ್ದವು:

```
       A  C  D  B  A
    0  0  0  0  0  0
C   0  0  1  1  1  1
A   0  1  1  1  1  2
B   0  1  1  1  2  2
D   0  1  1  2  2  2
A   0  1  1  2  2  3
```

ಬಲತುದಿಯ ಕೊನೆಯ ಮನೆಯಲ್ಲಿ 3 ಇದೆ, ಆದ್ದರಿಂದ ಉತ್ತರದ ಉದ್ದ 3. ಇಲ್ಲಿಯವರೆಗೆ ಒಂದು ಸಂಜೆಗಿಂತ ಹೆಚ್ಚು ಹಿಡಿಯಲಿಲ್ಲ.

ಎರಡನೆಯ ವಾರ

ಉದ್ದ ತಿಳಿದ ಮಾತ್ರಕ್ಕೆ ಉತ್ತರ ತಿಳಿದಂತಾಗಲಿಲ್ಲ. ಕೊನೆಯ ಮನೆಯಿಂದ ಹೊರಟು, ಪ್ರತಿ ಸಂಖ್ಯೆಯೂ ಎಲ್ಲಿಂದ ಬಂತೆಂದು ನೋಡುತ್ತ ಸೊನ್ನೆಯ ಅಂಚಿನವರೆಗೆ ಹಿಂದಕ್ಕೆ ನಡೆಯಬೇಕು. ಸಂಖ್ಯೆಗಳೆಲ್ಲ ಕೋಷ್ಟಕದಲ್ಲೇ ಇರುವಾಗ ಅಕ್ಷರಗಳನ್ನು ಮತ್ತೆ ಹೋಲಿಸುವುದೇಕೆ ಎಂಬ ಜಾಣತನದಿಂದ, ಈಗಿನ ಮನೆಯ ಸಂಖ್ಯೆ ಓರೆಮನೆಗಿಂತ 1 ಹೆಚ್ಚಿದ್ದರೆ `X`ನ ಅಕ್ಷರವನ್ನು ಬರೆದುಕೊಂಡು ಓರೆಯಾಗಿ ಸರಿಯುವಂತೆ ಬರೆದೆ. ಫಲಿತಾಂಶ `CDA` ಎಂದು ಬಂತು. ಅದು ಎರಡೂ ಸ್ಟ್ರಿಂಗ್‌ಗಳಲ್ಲಿ ಇದೆ, ಉದ್ದವೂ 3, ಹೀಗಾಗಿ ಕೆಲಸ ಮುಗಿಯಿತೆಂದೇ ನಂಬಿದೆ.

ನಂಬಿಕೆ ಮುರಿದದ್ದು ತೀರ ಚಿಕ್ಕ ಜೋಡಿಯೊಂದರಿಂದ. `AB` ಮತ್ತು `CA` ಕೊಟ್ಟಾಗ ಪ್ರೋಗ್ರಾಂ `B` ಎಂದಿತು. `CA`ಯಲ್ಲಿ `B` ಇಲ್ಲವೇ ಇಲ್ಲ. ಉದ್ದ ಮಾತ್ರ ಸರಿಯಾಗಿ 1 ಇತ್ತು. ಕಾರಣ ಇದು: ಒಂದು ಹೆಜ್ಜೆ ಮೇಲಕ್ಕೆ ಅಥವಾ ಎಡಕ್ಕೆ ಸರಿದರೆ ಸಂಖ್ಯೆ ಹೆಚ್ಚೆಂದರೆ 1 ಕಡಿಮೆಯಾಗುತ್ತದೆ, ಮತ್ತು ಓರೆಮನೆಯು ಅಂಥ ಎರಡು ಹೆಜ್ಜೆಗಳ ದೂರದಲ್ಲಿದೆ. ಹಾಗಾಗಿ ಓರೆಯ ವ್ಯತ್ಯಾಸ 1 ಇದೆ ಎಂದರೆ ಆ ಎರಡು ಹೆಜ್ಜೆಗಳ ನಡುವೆ ಎಲ್ಲೋ ಒಂದು ಏರಿಕೆ ಆಗಿದೆ ಎಂದಷ್ಟೇ ಅರ್ಥ, ಇದೇ ಮನೆಯಲ್ಲಿ ಅಕ್ಷರಗಳು ಕೂಡಿವೆ ಎಂದಲ್ಲ. ಇಲ್ಲಿ ಆ 1 ಮೇಲಿನ ಮನೆಯಿಂದ ಇಳಿದು ಬಂದಿತ್ತು, ಅಲ್ಲಿ `A` ಮತ್ತು `A` ಕೂಡಿದ್ದವು.

ಹಿಂದಿರುಗಿ ನೋಡಿದರೆ ಮೊದಲ ಪರೀಕ್ಷೆಯೂ ಅದೃಷ್ಟದಿಂದ ಪಾರಾಗಿತ್ತು. ಅಲ್ಲಿ ನನ್ನ ಕೋಡ್ `(4,4)` ಮನೆಯಲ್ಲಿ `X`ನ `D`ಯನ್ನು `Y`ಯ `B`ಯೊಡನೆ, `(1,3)` ಮನೆಯಲ್ಲಿ `C`ಯನ್ನು `D`ಯೊಡನೆ ಜೋಡಿಸಿತ್ತು. ಹೊರಬಿದ್ದ ಪದ ಕಾಕತಾಳೀಯವಾಗಿ ಸರಿಯಾಗಿದ್ದರೂ ಜೋಡಿಗಳು ತಪ್ಪಾಗಿದ್ದವು. ವ್ಯತ್ಯಾಸ ತೋರಿಸುವ ಪ್ರೋಗ್ರಾಮಿಗೆ ಬೇಕಾದದ್ದು ಆ ಜೋಡಿಗಳೇ. ಆದ್ದರಿಂದ ಈಗ ಪರೀಕ್ಷೆಯಲ್ಲಿ ಉದ್ದವನ್ನು ನೋಡಿ ಸುಮ್ಮನಾಗುವುದಿಲ್ಲ: ಪ್ರತಿ ಜೋಡಿಯಲ್ಲೂ ಎರಡು ಅಕ್ಷರಗಳು ಒಂದೇ ಆಗಿವೆಯೇ, ಎರಡೂ ಕಡೆಯ ಸ್ಥಾನಗಳು ಏರುತ್ತಲೇ ಹೋಗುತ್ತವೆಯೇ, ಜೋಡಿಗಳ ಎಣಿಕೆ ಕೊನೆಯ ಮನೆಯ ಸಂಖ್ಯೆಗೆ ಸಮನೇ ಎಂದು ಮೂರನ್ನೂ ತಾಳೆ ನೋಡುತ್ತೇನೆ.

ತಿದ್ದಿದ ಭಾಗ ಹೀಗಿದೆ:

```python
i, j, pairs = len(X), len(Y), []
while i > 0 and j > 0:
    if X[i-1] == Y[j-1]:
        pairs.append((i, j))
        i -= 1; j -= 1
    elif L[i-1][j] >= L[i][j-1]:
        i -= 1
    else:
        j -= 1
pairs.reverse()
```

ಅಕ್ಷರ `X[i-1]`, ಮನೆ `L[i][j]` ಎಂಬ ಒಂದರ ಅಂತರವನ್ನು ಮರೆತರೆ ಬೇರೊಂದು ತಪ್ಪು ಕಾದಿರುತ್ತದೆ. ಜೋಡಿಗಳು ಹಿಂದುಮುಂದಾಗಿ ಸಿಗುವುದರಿಂದ ಕೊನೆಯ ಸಾಲು ಬೇಕೇ ಬೇಕು.

ಮೂರನೆಯ ವಾರ

ತಿದ್ದಿದ ಕೋಡ್ `CBA` ಎಂದಿತು. `>=` ಇದ್ದಲ್ಲಿ `>` ಹಾಕಿದರೆ ಅದೇ ಕೋಷ್ಟಕದಿಂದ `ADA` ಬಂತು. ಎರಡೂ ಸರಿಯೇ. `(4,4)` ಮನೆಯಲ್ಲಿ `D` ಮತ್ತು `B` ಬೇರೆ ಬೇರೆ, ಮೇಲೂ 2, ಎಡಕ್ಕೂ 2. ಎತ್ತ ಹೋದರೂ ಉದ್ದ ನಷ್ಟವಾಗದು. ಈ ಜೋಡಿಗೆ `ABA`, `ADA`, `CBA`, `CDA` ಎಂದು ಒಟ್ಟು ನಾಲ್ಕು ಉತ್ತರಗಳಿವೆ, ಏಕೆಂದರೆ `CA` ಮತ್ತು `BD` ಎಂಬ ಎರಡು ಕಡೆ ಅಕ್ಷರಗಳು ಅದಲುಬದಲಾಗಿವೆ. ಬೇರೆ ಬೇರೆ ಅಕ್ಷರಗಳ ಇಂಥ ಅದಲುಬದಲು 20 ಕಡೆ ಇದ್ದರೆ ಉತ್ತರಗಳು 10,48,576 ಆಗುತ್ತವೆ; ಎಲ್ಲವನ್ನೂ ಪಟ್ಟಿ ಮಾಡುವ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಆದರೆ ಸಮಬಲ ಬಂದಾಗ ಯಾವ ಕಡೆ ತಿರುಗಬೇಕೆಂಬುದು ಓದುವವರ ಕಣ್ಣಿಗೆ ಬೀಳುತ್ತದೆ. ಮೇಲಕ್ಕೆ ಸರಿಯುವುದೆಂದರೆ `X`ನ ಅಕ್ಷರವನ್ನು ಅಳಿಸುವುದು, ಎಡಕ್ಕೆ ಸರಿಯುವುದೆಂದರೆ `Y`ಯ ಅಕ್ಷರವನ್ನು ಸೇರಿಸುವುದು. ಹಳೆಯದು ಮೊದಲು, ಹೊಸದು ಅದರ ನಂತರ ಕಾಣಬೇಕೆಂಬುದು ನನ್ನ ಇಷ್ಟ. ನಾವು ಕೊನೆಯಿಂದ ನಡೆಯುತ್ತಿರುವುದರಿಂದ ಮೊದಲು ಇಟ್ಟ ಹೆಜ್ಜೆ ಓದುವಾಗ ಕೊನೆಗೆ ಬರುತ್ತದೆ. ಆದ್ದರಿಂದ ಸಮಬಲದಲ್ಲಿ ಎಡಕ್ಕೇ ಹೋಗಬೇಕು. ಇದು ನನಗೆ ಎರಡು ಬಾರಿ ಉಲ್ಟಾ ಆಯಿತು. `>` ಇಟ್ಟಾಗ ಸಿಗುವ ಪಟ್ಟಿ ಇದು:

```
-C  A  -B  +C  D  +B  A
```

ನಾಲ್ಕನೆಯ ವಾರ

8,000 ಸಾಲುಗಳ ಎರಡು ಕಡತಗಳನ್ನು ಕೊಟ್ಟರೆ ಕೋಷ್ಟಕದಲ್ಲಿ ಸುಮಾರು 6.4 ಕೋಟಿ ಮನೆಗಳಾಗುತ್ತವೆ. ಪೈಥಾನಿನ ಸಾಮಾನ್ಯ ಪಟ್ಟಿಯಲ್ಲಿ ಮನೆಯೊಂದಕ್ಕೆ 8 ಬೈಟ್ ಎಂದರೂ 50 ಕೋಟಿ ಬೈಟ್ ದಾಟುತ್ತದೆ. ಸಂಖ್ಯೆಗಳು 8,000 ಮೀರುವುದಿಲ್ಲವಾದ್ದರಿಂದ 2 ಬೈಟ್‌ನ `array('H')` ಸಾಕು. ಅದರಿಂದ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯಿತು. ಉದ್ದ ಮಾತ್ರ ಬೇಕಿದ್ದರೆ ಎರಡೇ ಅಡ್ಡಸಾಲುಗಳಲ್ಲಿ ಮುಗಿಸಬಹುದಿತ್ತು, ಆದರೆ ಮೇಲಿನ ಸಾಲುಗಳನ್ನು ಅಳಿಸಿಬಿಟ್ಟರೆ ಹಿಂದಕ್ಕೆ ನಡೆಯಲು ದಾರಿಯೇ ಉಳಿಯುವುದಿಲ್ಲ. ಎರಡು ಸಾಲುಗಳಷ್ಟೇ ಜಾಗದಲ್ಲಿ ಉತ್ತರವನ್ನೂ ಪಡೆಯುವ ವಿಧಾನವನ್ನು ಹಿರ್ಷ್‌ಬರ್ಗ್ 1975ರಲ್ಲಿ ಪ್ರಕಟಿಸಿದರು: `X`ನ್ನು ನಡುವೆ ಕತ್ತರಿಸಿ, ಮೇಲರ್ಧವನ್ನು ಮುಂದಿನಿಂದಲೂ ಕೆಳಗಿನರ್ಧವನ್ನು ಹಿಂದಿನಿಂದಲೂ ಲೆಕ್ಕ ಹಾಕಿ, ಎರಡರ ಮೊತ್ತ ಅತಿ ಹೆಚ್ಚಾಗುವಲ್ಲಿ `Y`ಯನ್ನು ಕತ್ತರಿಸುತ್ತಾರೆ, ಆಮೇಲೆ ಎರಡು ತುಂಡುಗಳಿಗೂ ಅದೇ ಕ್ರಮ. ಲೆಕ್ಕದ ಕೆಲಸ ಸುಮಾರು ಇಮ್ಮಡಿಯಾಗುತ್ತದೆ.

ನಾನು ಸದ್ಯಕ್ಕೆ ಅಷ್ಟು ದೂರ ಹೋಗಿಲ್ಲ. ಎರಡೂ ಕಡತಗಳ ಆರಂಭದಲ್ಲಿ ಮತ್ತು ಕೊನೆಯಲ್ಲಿ ಒಂದೇ ಆಗಿರುವ ಸಾಲುಗಳನ್ನು ಮೊದಲೇ ಬದಿಗಿಟ್ಟರೆ ಉತ್ತರದ ಉದ್ದಕ್ಕೆ ಧಕ್ಕೆಯಿಲ್ಲ, ಮತ್ತು ತಿದ್ದುಪಡಿಗಳು ಒಂದೇ ಕಡೆ ಇದ್ದ ನನ್ನ ಕಡತಗಳಲ್ಲಿ ನಡುವೆ ಉಳಿದದ್ದು ಸುಮಾರು 400 ಸಾಲು, ಅಂದರೆ 1.6 ಲಕ್ಷ ಮನೆಗಳು. ಮೊದಲ ಸಾಲಿನಲ್ಲೂ ಕೊನೆಯ ಸಾಲಿನಲ್ಲೂ ತಿದ್ದುಪಡಿ ಇರುವ ಕಡತಕ್ಕೆ ಈ ಉಪಾಯ ಏನೂ ಮಾಡದು. ಮುಂದಿನ ವಾರ ಅಂಥದೊಂದರ ಮೇಲೆ ಹಿರ್ಷ್‌ಬರ್ಗ್ ವಿಧಾನವನ್ನು ಬರೆದು, ಅದು ಕೊಡುವ ಜೋಡಿಗಳನ್ನು ಪೂರ್ತಿ ಕೋಷ್ಟಕದ ಜೋಡಿಗಳೊಡನೆ ಎಣಿಕೆಯಲ್ಲಿ ತಾಳೆ ನೋಡಬೇಕಾಗಿದೆ.